ಮೂರು ಎಸಿ, ಒಂದು ಇಮೇಲ್

ಬಳ್ಳಾರಿಯಲ್ಲಿ ನಮ್ಮ ಭಾವನದ್ದೊಂದು ಮೆಡಿಕಲ್ ಶಾಪ್ ಇದೆ. ಅಲ್ಲಿ ಎಸಿ ಇರುವುದು ಗಿರಾಕಿಗಳಿಗಾಗಿ ಅಲ್ಲ, ಔಷಧಿಗಳಿಗಾಗಿ. ಎಷ್ಟೋ ಮಾತ್ರೆ, ಸಿರಪ್‌ಗಳ ಮೇಲೆ 25 ಅಥವಾ 30 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿಡಿ ಎಂದು ಬರೆದಿರುತ್ತದೆ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ. ಹಾಗಾಗಿ ಅಂಗಡಿಯ ಮುಂಭಾಗದಲ್ಲಿ ಒಂದೂವರೆ ಟನ್ನಿನ ಎರಡು, ಹಿಂದಿನ ಸ್ಟಾಕ್ ರೂಮಿನಲ್ಲಿ ಒಂದು ಟನ್ನಿನ ಒಂದು, ಹೀಗೆ ಮೂರು ಸ್ಪ್ಲಿಟ್ ಎಸಿಗಳನ್ನು ಅವರು ಹಾಕಿಸಿಕೊಂಡಿದ್ದಾರೆ.

ಹೋದ ವರ್ಷ ಅವರು ಒಂದು ಸರ್ವಿಸ್ ಕಂಪನಿಗೆ ಇಮೇಲ್ ಕಳಿಸಿದ್ದರು. ಅದರಲ್ಲಿದ್ದದ್ದು ಒಂದೇ ಸಾಲು: ‘ನಮ್ಮಲ್ಲಿ ಮೂರು ಎಸಿ ಇವೆ, ಎಎಂಸಿ ರೇಟ್ ತಿಳಿಸಿ.’ ಒಂದು ಯಂತ್ರಕ್ಕೆ ವರ್ಷಕ್ಕೆ 2,500 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿ ಒಟ್ಟು 8,850 ಎಂದು ಉತ್ತರ ಬಂತು. ಭಾವ ಹಣ ಕಟ್ಟಿದರು. ಮೇ ತಿಂಗಳಲ್ಲಿ ಸ್ಟಾಕ್ ರೂಮಿನ ಎಸಿ ತಣ್ಣಗೆ ಮಾಡುವುದನ್ನೇ ನಿಲ್ಲಿಸಿತು. ಬಂದ ಹುಡುಗ ಗ್ಯಾಸ್ ತುಂಬಿ 3,000 ರೂಪಾಯಿ ಬಿಲ್ ಕೊಟ್ಟ. ಮೂರು ವಾರಕ್ಕೆ ಮತ್ತದೇ ಕತೆ, ಮತ್ತೆ 3,000. ನಡುವೆ ಮುಂದಿನ ಎಸಿಯೊಂದರ ಕೆಪಾಸಿಟರ್ ಹೋಯಿತು, ಅದಕ್ಕೂ ಬೇರೆ ಬಿಲ್. “ಎಎಂಸಿ ಅಂದ್ರ ಎಲ್ಲಾ ಅವ್ರೇ ನೋಡ್ಕಂತಾರಂತ ತಿಳ್ಕಂಡಿದ್ದೆ ನೋಡಪ್ಪಾ” ಎಂದು ನನ್ನೆದುರು ಕಾಗದಗಳನ್ನು ಹರಡಿ ಕೂತರು.

ಇಂಥದೇ ಕಂಪನಿಯೊಂದರಲ್ಲಿ ಕೊಟೇಶನ್ ಬರೆಯುವ ಮೇಜಿನಲ್ಲಿ ನಾನೂ ಕೆಲವು ವರ್ಷ ಕೂತವನು. ಒಂದು ಸಾಲಿನ ಇಮೇಲ್ ಬಂದರೆ ಅಲ್ಲಿ ಏನಾಗುತ್ತದೆಂದು ಗೊತ್ತು. ಯಂತ್ರ ಯಾವುದು, ಎಷ್ಟು ಹಳೆಯದು ಎಂದು ತಿಳಿಯದಿದ್ದಾಗ ಅತಿ ಕಡಿಮೆ ಜವಾಬ್ದಾರಿಯ ಒಪ್ಪಂದದ ದರವನ್ನೇ ಕಳಿಸುತ್ತಾರೆ. ಅದಕ್ಕೆ ನಾನ್-ಕಾಂಪ್ರಿಹೆನ್ಸಿವ್ ಎನ್ನುತ್ತಾರೆ. ವರ್ಷಕ್ಕೆ ಮೂರು ಅಥವಾ ನಾಲ್ಕು ಸಲ ಬಂದು ತೊಳೆದು ಹೋಗುವುದು, ಕೆಟ್ಟಾಗ ಬಂದು ನೋಡುವುದು, ಅಷ್ಟೇ. ಬಿಡಿಭಾಗ, ಗ್ಯಾಸ್ ಎಲ್ಲವೂ ನಮ್ಮ ಖರ್ಚು. ಅವುಗಳನ್ನೂ ಕಂಪನಿಯೇ ಭರಿಸುವುದು ಕಾಂಪ್ರಿಹೆನ್ಸಿವ್. ಅದರ ದರ ಸುಮಾರು ಎರಡು ಪಟ್ಟು. ಭಾವನಿಗೆ ಯಾರೂ ಮೋಸ ಮಾಡಿರಲಿಲ್ಲ. ಅವರು ಕೇಳಬೇಕಾದ್ದನ್ನು ಕೇಳಿರಲಿಲ್ಲ.

ಈ ವರ್ಷದ ಇಮೇಲನ್ನು ಇಬ್ಬರೂ ಸೇರಿ ಬರೆದೆವು. ಬರೆಯುವ ಮೊದಲು ಮೊಬೈಲ್ ಹಿಡಿದು ತಾರಸಿ ಹತ್ತಿದೆವು. ಹೊರಗಿನ ಯೂನಿಟ್ಟಿನ ಪಕ್ಕದಲ್ಲಿ ಒಂದು ಪಟ್ಟಿ ಅಂಟಿಸಿರುತ್ತಾರೆ. ಮಾಡೆಲ್, ಸೀರಿಯಲ್ ನಂಬರ್, ಯಾವ ಗ್ಯಾಸ್, ಎಷ್ಟು ತೂಕ ಎಂಬುದೆಲ್ಲ ಅದರಲ್ಲಿದೆ. ಧೂಳು ಒರೆಸಿ ಓದಿದರೆ, ಮುಂದಿನ ಎರಡು ಇನ್ವರ್ಟರ್ ಎಸಿಗಳು ಮೂರು ವರ್ಷದವು, ಆರ್-32 ಗ್ಯಾಸಿನವು. ಸ್ಟಾಕ್ ರೂಮಿನದು ಎಂಟು ವರ್ಷದ ಹಳೆಯದು, ಆರ್-22. ಓಝೋನ್ ಪದರಕ್ಕೆ ಹಾನಿ ಮಾಡುವ ಈ ಹಳೆಯ ಗ್ಯಾಸನ್ನು ಮಾಂಟ್ರಿಯಲ್ ಒಪ್ಪಂದದಂತೆ ಭಾರತ 2030ರ ಹೊತ್ತಿಗೆ ಬಹುಪಾಲು ನಿಲ್ಲಿಸಬೇಕಿದೆ. ಆದ್ದರಿಂದ ಅದನ್ನು ತುಂಬಿಸುವ ಖರ್ಚು ಯಾರದು ಎಂಬುದು ಸಣ್ಣ ಪ್ರಶ್ನೆಯಲ್ಲ.

ಅಲ್ಲೇ ಇನ್ನೊಂದನ್ನೂ ಕಂಡೆವು. ಹಳೆಯ ಯಂತ್ರದ ತಾಮ್ರದ ಪೈಪು ಯೂನಿಟ್ಟಿಗೆ ಸೇರುವ ನಟ್ಟಿನ ಸುತ್ತ ಎಣ್ಣೆಯ ಜಿಡ್ಡು, ಅದರ ಮೇಲೆ ಕಪ್ಪಗೆ ಧೂಳು ಮೆತ್ತಿಕೊಂಡಿತ್ತು. ಸೋಪಿನ ನೊರೆ ಹಚ್ಚಿದರೆ ಸಣ್ಣ ಗುಳ್ಳೆಗಳೆದ್ದವು. ಎಸಿಯೊಳಗಿನ ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿದರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಸೋರಿಕೆ ಮುಚ್ಚಿ, ನೈಟ್ರೋಜನ್ ಒತ್ತಡದಲ್ಲಿ ಪರೀಕ್ಷಿಸಿ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವವನ್ನೆಲ್ಲ ಎಳೆದು, ಆಮೇಲೆ ಪಟ್ಟಿಯಲ್ಲಿರುವಷ್ಟೇ ಗ್ಯಾಸನ್ನು ತೂಕ ಮಾಡಿ ಹಾಕುವುದು ಸರಿಯಾದ ಕ್ರಮ. ಎರಡು ಸಲ ಬಂದ ಹುಡುಗನ ಕೈಯಲ್ಲಿ ಪಂಪೂ ಇರಲಿಲ್ಲ, ತಕ್ಕಡಿಯೂ ಇರಲಿಲ್ಲವಂತೆ.

ಮೂರಕ್ಕೂ ಕಾಂಪ್ರಿಹೆನ್ಸಿವ್ ಮಾಡಿಸಿಬಿಡೋಣ ಎಂದರು ಭಾವ. ನಾನು ಬೇಡವೆಂದೆ. ಇನ್ವರ್ಟರ್ ಎಸಿಗಳ ವಾರಂಟಿ ಕಾರ್ಡ್ ತೆಗೆದು ನೋಡಿದರೆ ಕಂಪ್ರೆಸರಿಗೆ ಹತ್ತು ವರ್ಷ, ಪಿಸಿಬಿಗೆ ಐದು ವರ್ಷ ತಯಾರಕರದ್ದೇ ಹೊಣೆ ಇತ್ತು. ದುಬಾರಿ ಭಾಗಗಳಲ್ಲಿ ಅವೆರಡು ಮುಖ್ಯ. ಅವಕ್ಕೇ ಇನ್ನೊಮ್ಮೆ ಹಣ ಕಟ್ಟುವುದೇಕೆ? ಕಂಪ್ರೆಸರ್ ವಾರಂಟಿಯಲ್ಲಿ ಗ್ಯಾಸ್, ಕೂಲಿ ಸಾಮಾನ್ಯವಾಗಿ ಸೇರಿರುವುದಿಲ್ಲ, ನಿಜ. ಆದರೂ ಮೂರು ವರ್ಷದ ಯಂತ್ರಕ್ಕೆ ಅಷ್ಟು ಅಪಾಯ ಹೊರಬಹುದು. ಕಾಂಪ್ರಿಹೆನ್ಸಿವ್ ಬೇಕಿದ್ದದ್ದು ಹಳೆಯ ಯಂತ್ರಕ್ಕೆ ಮಾತ್ರ. ಕೊನೆಗೆ ಕಳಿಸಿದ ಇಮೇಲ್ ಹೀಗಿತ್ತು:

‘ವಿಷಯ: ಮೂರು ಸ್ಪ್ಲಿಟ್ ಎಸಿಗಳ ವಾರ್ಷಿಕ ನಿರ್ವಹಣಾ ಒಪ್ಪಂದ – ದರ ಕೋರಿ

ಮಾನ್ಯರೇ, ಬಳ್ಳಾರಿಯ ನಮ್ಮ ಔಷಧಿ ಅಂಗಡಿಯಲ್ಲಿ ಮೂರು ಎಸಿಗಳಿವೆ. ಅವುಗಳ ಮಾಹಿತಿ ಪಟ್ಟಿಯ ಫೋಟೋಗಳನ್ನು ಲಗತ್ತಿಸಿದ್ದೇನೆ. ಒಂದೂವರೆ ಟನ್ನಿನ ಎರಡಕ್ಕೆ ಬಿಡಿಭಾಗ ರಹಿತ, ಒಂದು ಟನ್ನಿನ ಹಳೆಯದಕ್ಕೆ ಬಿಡಿಭಾಗ ಮತ್ತು ಗ್ಯಾಸ್ ಸಹಿತ ದರವನ್ನು ಪ್ರತ್ಯೇಕವಾಗಿ ತಿಳಿಸಿ. ವರ್ಷಕ್ಕೆ ನಾಲ್ಕು ಸರ್ವಿಸ್ ಬೇಕು. ಎರಡು ಜೆಟ್ ಪಂಪಿನ ವೆಟ್ ಸರ್ವಿಸ್ ಆಗಿರಲಿ, ಮೊದಲನೆಯದು ಫೆಬ್ರುವರಿ ಮುಗಿಯುವುದರೊಳಗೆ ಆಗಲಿ. ಹಳೆಯ ಯಂತ್ರದ ಪೈಪ್ ಜೋಡಣೆಯಲ್ಲಿ ಸೋರಿಕೆ ಇದೆ. ಒಪ್ಪಂದಕ್ಕೆ ಮೊದಲು ನಿಮ್ಮವರು ಬಂದು ಪರೀಕ್ಷಿಸಿ, ಅದರ ರಿಪೇರಿ ಖರ್ಚನ್ನು ಬೇರೆಯಾಗಿ ಬರೆದುಕೊಡಲಿ. ಔಷಧಿ ದಾಸ್ತಾನಿರುವುದರಿಂದ ದೂರು ಕೊಟ್ಟ 24 ಗಂಟೆಯೊಳಗೆ ತಂತ್ರಜ್ಞರು ಬರಬೇಕು. ಒಪ್ಪಂದದಲ್ಲಿ ಸೇರದ ಭಾಗಗಳ ಪಟ್ಟಿಯನ್ನು ದರದ ಜೊತೆಗೇ ಕಳಿಸಿ. ಹೊರಗಿನ ಯೂನಿಟ್‌ಗಳೆಲ್ಲ ತಾರಸಿಯ ಮೇಲಿವೆ, ಏಣಿ ಬೇಕಿಲ್ಲ.’

ಸೋರಿಕೆಯನ್ನು ನಾವೇ ಏಕೆ ಬಯಲು ಮಾಡಬೇಕು ಎಂದು ಭಾವನಿಗೆ ಅನುಮಾನ. ಮುಚ್ಚಿಟ್ಟರೆ ನಷ್ಟ ನಮಗೇ. ಒಪ್ಪಂದಕ್ಕೆ ಮೊದಲೇ ಇದ್ದ ದೋಷ ಎಂದು ಕಂಪನಿ ಆಮೇಲೆ ಕೈತೊಳೆದುಕೊಳ್ಳಬಹುದು. ಮೊದಲೇ ಬರವಣಿಗೆಯಲ್ಲಿದ್ದರೆ ಆ ದಾರಿ ಮುಚ್ಚುತ್ತದೆ. ಏಣಿಯ ಮಾತೂ ಸುಮ್ಮನೆ ಬರೆದದ್ದಲ್ಲ. ಗೋಡೆಗೆ ನೇತು ಹಾಕಿದ ಯೂನಿಟ್ ಆದರೆ ಅದನ್ನು ತಲುಪುವ ಖರ್ಚನ್ನು ಕೆಲವರು ಪ್ರತಿ ಸಲವೂ ಬೇರೆಯಾಗಿ ಹಾಕುತ್ತಾರೆ.

ಕಂಪನಿಯವರು ಬಂದು ನೋಡಿ, ಹೊಸ ಎರಡಕ್ಕೆ ತಲಾ 2,500, ಹಳೆಯದಕ್ಕೆ 5,500, ಜಿಎಸ್‌ಟಿ ಸೇರಿ 12,390 ಎಂದು ಬರೆದುಕೊಟ್ಟರು. ಸೇರದ ಭಾಗಗಳ ಪಟ್ಟಿಯಲ್ಲಿ ಪ್ಲಾಸ್ಟಿಕ್ ಮೈ, ರಿಮೋಟ್ ಮತ್ತು ಸ್ಟೆಬಿಲೈಸರ್ ಇದ್ದವು. ಗ್ಯಾಸ್ ಇರಲಿಲ್ಲ. ಆ ಪಟ್ಟಿಯನ್ನು ಓದಿದ ಮೇಲೆಯೇ ಭಾವ ಹಣ ಕಟ್ಟಿದ್ದು.

ನೀವೂ ಎಎಂಸಿ ಕೇಳುವವರಿದ್ದರೆ ಬೇಸಿಗೆಯ ತನಕ ಕಾಯಬೇಡಿ, ಜನವರಿಯಲ್ಲೇ ಬರೆಯಿರಿ. ಬರೆಯುವ ಮುನ್ನ ಒಮ್ಮೆ ತಾರಸಿ ಹತ್ತಿ ಆ ಪಟ್ಟಿಯ ಫೋಟೋ ತೆಗೆದುಕೊಳ್ಳಿ.