ಯಾರು, ಏನು ಮಾಡಿದರು? ಕಾನೂನು ಪ್ರಬಂಧದ ವಾಕ್ಯ ತಿದ್ದುವ ಬಗೆ

ಕಾನೂನು ಪ್ರಬಂಧಗಳಲ್ಲಿ ಕ್ರಿಯಾಪದದ ಕೆಲಸವನ್ನು ಹೆಚ್ಚಾಗಿ ನಾಮಪದಗಳೇ ಮಾಡುತ್ತಿರುತ್ತವೆ. ‘ಸರ್ಕಾರ ನಿರಾಕರಿಸಿತು’ ಎಂದು ಬರೆಯುವಲ್ಲಿ ‘ನಿರಾಕರಣೆ ಮಾಡಲಾಯಿತು’ ಎಂದು ಬರೆಯುತ್ತಾರೆ. ಹೀಗೆ ಕ್ರಿಯೆಯಿಂದ ಹುಟ್ಟಿದ ಹೆಸರನ್ನು ವ್ಯಾಕರಣದಲ್ಲಿ ಭಾವನಾಮ ಎನ್ನುತ್ತಾರೆ. ಒಂದೆರಡು ಇದ್ದರೆ ತೊಂದರೆಯಿಲ್ಲ; ಸಾಲುಗಟ್ಟಿ ಬಂದರೆ ಯಾರು ಏನು ಮಾಡಿದರು ಎಂಬುದೇ ವಾಕ್ಯದಿಂದ ಮರೆಯಾಗುತ್ತದೆ.

ಮೇನಕಾ ಗಾಂಧಿ ಪ್ರಕರಣದ ಬಗ್ಗೆ ಕನ್ನಡದಲ್ಲಿ ಬರೆದ ಪ್ರಬಂಧವೊಂದರಲ್ಲಿ ಇಂಥ ಪ್ಯಾರಾ ಇದೆಯೆಂದು ಭಾವಿಸಬಹುದು:

“ಪಾಸ್‌ಪೋರ್ಟಿನ ಮುಟ್ಟುಗೋಲಿನ ಆದೇಶದ ಹೊರಡಿಸುವಿಕೆಯ ಸಂದರ್ಭದಲ್ಲಿ ಕಾರಣಗಳ ನೀಡಿಕೆಯ ನಿರಾಕರಣೆ ಮಾಡಲಾಗಿದ್ದು, ಅಹವಾಲಿನ ಆಲಿಸುವಿಕೆಗೆ ಅವಕಾಶದ ಒದಗಿಸುವಿಕೆಯೂ ನಡೆದಿರಲಿಲ್ಲ. ಇದರಿಂದ ಸಹಜ ನ್ಯಾಯದ ಉಲ್ಲಂಘನೆಯಾಗಿದ್ದು, ಅದರ ಪರಿಗಣನೆಯು ಅನುಚ್ಛೇದ 21ರ ವ್ಯಾಪ್ತಿಯ ವಿಸ್ತರಣೆಗೆ ಕಾರಣವಾಯಿತು.”

ತಿದ್ದುವ ಮೊದಲ ಹೆಜ್ಜೆ ಭಾವನಾಮಗಳಿಗೆ ಗೆರೆ ಎಳೆಯುವುದು. ‘-ವಿಕೆ’, ‘-ಇಕೆ’, ‘-ಅಣೆ’ ಎಂದು ಮುಗಿಯುವ ಪದಗಳು ಸುಲಭವಾಗಿ ಸಿಗುತ್ತವೆ: ಹೊರಡಿಸುವಿಕೆ, ನೀಡಿಕೆ, ನಿರಾಕರಣೆ. ಅವುಗಳ ಬೆನ್ನಿಗೆ ‘ಮಾಡಲಾಗಿದೆ’, ‘ನಡೆಯಿತು’, ‘ಆಗಿದೆ’ ಎಂಬ ಬಡಕಲು ಕ್ರಿಯಾಪದಗಳಿರುತ್ತವೆ. ‘-ಇನ’, ‘-ದ’, ‘-ಯ’ ಎಂಬ ಷಷ್ಠಿ ವಿಭಕ್ತಿಯ ಪದಗಳು ಮೂರು ನಾಲ್ಕು ಒಟ್ಟಿಗೆ ಬಂದರೂ ಅದೇ ಸೂಚನೆ. ಮೇಲಿನ ಎರಡು ವಾಕ್ಯಗಳಲ್ಲಿ ಮುಟ್ಟುಗೋಲೂ ಸೇರಿ ಇಂಥ ಒಂಬತ್ತು ಪದಗಳಿವೆ. ಕರ್ತೃಸ್ಥಾನದಲ್ಲಿ ಮಾತ್ರ ಒಬ್ಬ ವ್ಯಕ್ತಿಯೂ ಇಲ್ಲ, ಒಂದು ಸಂಸ್ಥೆಯೂ ಇಲ್ಲ.

ಎರಡನೆಯ ಹೆಜ್ಜೆಯಲ್ಲಿ ಪ್ರತಿ ಭಾವನಾಮಕ್ಕೂ ‘ಯಾರು?’ ಎಂಬ ಪ್ರಶ್ನೆ ಹಾಕಬೇಕು. ಇದಕ್ಕೆ ಉತ್ತರ ವಾಕ್ಯದೊಳಗೆ ಸಿಗುವುದಿಲ್ಲ, ತೀರ್ಪನ್ನೇ ತೆರೆಯಬೇಕು. ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಲು ತೀರ್ಮಾನಿಸಿದ್ದು ಕೇಂದ್ರ ಸರ್ಕಾರ. 1977ರ ಜುಲೈ 2ರ ಪತ್ರದ ಮೂಲಕ ಅದನ್ನು ತಿಳಿಸಿದವರು ದೆಹಲಿಯ ಪ್ರಾದೇಶಿಕ ಪಾಸ್‌ಪೋರ್ಟ್ ಅಧಿಕಾರಿ. ಕಾರಣ ಕೇಳಿದವರು ಮೇನಕಾ ಗಾಂಧಿ. ಕೊಡಲು ಒಪ್ಪದಿದ್ದದ್ದು ವಿದೇಶಾಂಗ ಸಚಿವಾಲಯ.

‘ಉಲ್ಲಂಘನೆಯಾಗಿದೆ’ ಎಂಬಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಹಾಗೆಂದು ಅರ್ಜಿದಾರರು ವಾದಿಸಿದರೋ, ನ್ಯಾಯಾಲಯ ತೀರ್ಮಾನಿಸಿತೋ, ಅಥವಾ ಪ್ರಬಂಧ ಬರೆದವರ ಅಭಿಪ್ರಾಯವೋ? ಕಾನೂನಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ತೂಕ. ಈ ಪ್ರಕರಣದಲ್ಲಂತೂ ನ್ಯಾಯಾಲಯ ಸಹಜ ನ್ಯಾಯದ ತತ್ವ ಅನ್ವಯಿಸುತ್ತದೆ ಎಂದಿತು, ಆದರೆ ಆದೇಶವನ್ನು ರದ್ದುಪಡಿಸಲಿಲ್ಲ. ಅಹವಾಲನ್ನು ಮುಂದೆ ಆಲಿಸುವುದಾಗಿ ಅಟಾರ್ನಿ ಜನರಲ್ ಭರವಸೆ ಕೊಟ್ಟಿದ್ದರು. ಮೂಲ ಪ್ಯಾರಾ ಓದಿದವರಿಗೆ ಸರ್ಕಾರ ಸೋತು ಆದೇಶ ಬಿದ್ದುಹೋಯಿತೆಂದೇ ಅನಿಸಬಹುದು.

ಮೂರನೆಯ ಹೆಜ್ಜೆ, ಸಿಕ್ಕ ಕರ್ತೃವಿನ ಜೊತೆ ಕ್ರಿಯಾಪದವನ್ನು ಕೂಡಿಸಿ, ಘಟನೆಗಳನ್ನು ನಡೆದ ಕ್ರಮದಲ್ಲೇ ಇಡುವುದು:

“1977ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪಾಸ್‌ಪೋರ್ಟ್ ಕಾಯ್ದೆಯ ಸೆಕ್ಷನ್ 10(3)(ಸಿ) ಅಡಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಿತು. ಅದಕ್ಕೆ ಮೊದಲು ಅವರ ಅಹವಾಲನ್ನು ಕೇಳಲಿಲ್ಲ. ಅವರು ಕಾರಣ ಕೇಳಿದಾಗ, ಸಾರ್ವಜನಿಕ ಹಿತದೃಷ್ಟಿಯ ಹೆಸರಿನಲ್ಲಿ ಅದನ್ನು ಕೊಡಲು ನಿರಾಕರಿಸಿತು. ಅವರು ಸುಪ್ರೀಂ ಕೋರ್ಟಿನ ಮೊರೆಹೋದರು. ಅನುಚ್ಛೇದ 21ರ ಅಡಿ ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುವ ಕಾರ್ಯವಿಧಾನ ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದು 1978ರಲ್ಲಿ ನ್ಯಾಯಾಲಯ ಹೇಳಿತು. ಅಹವಾಲು ಆಲಿಸುವುದಾಗಿ ಸರ್ಕಾರ ಒಪ್ಪಿದ್ದರಿಂದ ಆದೇಶವನ್ನು ಮಾತ್ರ ರದ್ದುಪಡಿಸಲಿಲ್ಲ.”

ವಾಕ್ಯಗಳು ಎರಡರಿಂದ ಆರಾದವು, ಪ್ಯಾರಾ ಉದ್ದವಾಯಿತು. ‘ವ್ಯಾಪ್ತಿಯ ವಿಸ್ತರಣೆ’ ಎಂಬ ಮಾತು ಮುಚ್ಚಿಟ್ಟಿದ್ದ ಕಾನೂನಿನ ಅಂಶ ಈಗ ಹೊರಗೆ ಬಂದದ್ದೇ ಅದಕ್ಕೆ ಮುಖ್ಯ ಕಾರಣ. ವಿಸ್ತರಿಸಿದ್ದು ಏನನ್ನು, ಎಷ್ಟರ ಮಟ್ಟಿಗೆ ಎಂಬುದನ್ನು ಹೇಳದೆ ‘ವಿಸ್ತರಿಸಿತು’ ಎಂದಷ್ಟೇ ಬದಲಿಸಿದ್ದರೆ ವ್ಯಾಕರಣ ಸರಿಹೋಗುತ್ತಿತ್ತು, ಅರ್ಥ ಮಸುಕಾಗಿಯೇ ಉಳಿಯುತ್ತಿತ್ತು.

ಎಲ್ಲ ಭಾವನಾಮಗಳನ್ನೂ ಕಿತ್ತುಹಾಕಬೇಕಿಲ್ಲ. ‘ನ್ಯಾಯಾಂಗ ನಿಂದನೆ’, ‘ಮೇಲ್ಮನವಿ’ ಮುಂತಾದವು ಕಾನೂನಿನ ನಿಶ್ಚಿತ ಪದಗಳು. ಬಿಡಿಸಿ ಬರೆದರೆ ಅರ್ಥ ಕದಲುತ್ತದೆ. ಹಿಂದಿನ ವಾಕ್ಯದ ಸಂಗತಿಯನ್ನು ಎತ್ತಿಕೊಂಡು ‘ಈ ನಿರಾಕರಣೆಯನ್ನು ಪ್ರಶ್ನಿಸಿ’ ಎಂದು ಮುಂದುವರಿಯುವಾಗಲೂ ಭಾವನಾಮವೇ ಸಲೀಸು. ಕಾಯ್ದೆ ಯಾವಾಗ ಜಾರಿಗೆ ಬಂತು ಎಂಬುದಷ್ಟೇ ಮುಖ್ಯವಾದ ಕಡೆ ‘ಜಾರಿಗೆ ತರಲಾಯಿತು’ ಎಂಬ ಕರ್ಮಣಿ ಪ್ರಯೋಗವೂ ಸಲ್ಲುತ್ತದೆ. ಮಾಡಿದವರು ಯಾರೆಂಬುದರ ಮೇಲೆ ಹೊಣೆ ಅಥವಾ ಅಧಿಕಾರದ ಪ್ರಶ್ನೆ ನಿಂತಿರುವ ಕಡೆಯಲ್ಲಿ ಮಾತ್ರ ಕರ್ತೃವನ್ನು ಬಿಡುವಂತಿಲ್ಲ.