ರಿಜಿಸ್ಟರ್ ಪುಟದ ಫೋಟೋದಿಂದ ಹೆಚ್ಚುವರಿ ಸಾವಿರ ಇಟ್ಟಿಗೆಯ ವಿದ್ಯುತ್ ಲೆಕ್ಕ

ಮಾಲೂರಿನ ಹೆಂಚು ಮತ್ತು ಇಟ್ಟಿಗೆ ಕಾರ್ಖಾನೆಗಳಲ್ಲಿ ಉತ್ಪಾದನಾ ರಿಜಿಸ್ಟರ್ ಇಂದಿಗೂ ಬಹುಮಟ್ಟಿಗೆ ಕೈಬರಹದಲ್ಲೇ ಇರುತ್ತದೆ. ಲೆಕ್ಕಪತ್ರ ನೋಡುವವರು ಕೋಲಾರದಲ್ಲಿದ್ದರೆ ಆ ಪುಟದ ಒಂದು ಫೋಟೋ ಮೊಬೈಲಿನಲ್ಲಿ ಅವರಿಗೆ ತಲುಪುತ್ತದೆ. ಒಂದು ಕಾಲಂನಲ್ಲಿ ಆ ತಿಂಗಳು ಅಚ್ಚು ಹಾಕಿದ ಇಟ್ಟಿಗೆ, ಪಕ್ಕದ ಕಾಲಂನಲ್ಲಿ ಬೆಸ್ಕಾಂ ಬಿಲ್ಲಿನಲ್ಲಿ ಬಂದ ಯೂನಿಟ್ಟು. ಇಷ್ಟು ಮಾತ್ರದ ಮಾಹಿತಿಯಿಂದ ಉದ್ಯಮಿಯು ಪ್ರತಿ ವಾರವೂ ಎದುರಿಸುವ ಒಂದು ಪ್ರಶ್ನೆಗೆ ಉತ್ತರ ಪಡೆಯಬಹುದು: ಮುಳಬಾಗಿಲಿನ ಗುತ್ತಿಗೆದಾರರೊಬ್ಬರು ಈಗಿರುವ ಉತ್ಪಾದನೆಯ ಮೇಲೆ ಇನ್ನೂ 20 ಸಾವಿರ ಇಟ್ಟಿಗೆ ಕೇಳಿದರೆ, ಅದಕ್ಕೆ ತಗಲುವ ವಿದ್ಯುತ್ ವೆಚ್ಚ ಎಷ್ಟು?

ಸಾಮಾನ್ಯವಾಗಿ ನಾವು ಒಟ್ಟು ಯೂನಿಟ್ಟನ್ನು ಒಟ್ಟು ಇಟ್ಟಿಗೆಯಿಂದ ಭಾಗಿಸಿ ಸರಾಸರಿ ತೆಗೆಯುತ್ತೇವೆ. ಇಲ್ಲಿ ಆ ಸರಾಸರಿ ತಪ್ಪು ಉತ್ತರ ಕೊಡುತ್ತದೆ. ಹೇಗೆಂಬುದನ್ನು ಕೆಳಗಿನ ಎಂಟು ತಿಂಗಳ ಪಟ್ಟಿಯಲ್ಲಿ ನೋಡೋಣ. ಈ ಅಂಕಿಗಳು ಯಾವುದೇ ಒಂದು ಘಟಕಕ್ಕೆ ಸೇರಿದವಲ್ಲ. ಕೈಲೆಕ್ಕ ಸುಲಭವಾಗಲೆಂದು ಹೊಂದಿಸಿಕೊಂಡವು.

| ತಿಂಗಳು | ಇಟ್ಟಿಗೆ (ಸಾವಿರ) | ವಿದ್ಯುತ್ (ಯೂನಿಟ್) |
|---|---|---|
| ಜನವರಿ | 100 | 4,640 |
| ಫೆಬ್ರವರಿ | 130 | 5,590 |
| ಮಾರ್ಚ್ | 140 | 6,020 |
| ಏಪ್ರಿಲ್ | 110 | 5,090 |
| ಮೇ | 100 | 4,700 |
| ಜೂನ್ | 90 | 4,420 |
| ಜುಲೈ | 70 | 3,680 |
| ಆಗಸ್ಟ್ | 60 | 3,460 |
| ಒಟ್ಟು | 800 | 37,600 |

ಸರಾಸರಿಯ ಪ್ರಕಾರ ಸಾವಿರ ಇಟ್ಟಿಗೆಗೆ 47 ಯೂನಿಟ್. ಆದರೆ ಆಗಸ್ಟ್ ತಿಂಗಳನ್ನು ಮಾತ್ರ ತೆಗೆದುಕೊಂಡರೆ ಸಾವಿರಕ್ಕೆ ಸುಮಾರು 58 ಯೂನಿಟ್ ಬರುತ್ತದೆ, ಮಾರ್ಚ್‌ನಲ್ಲಿ 43. ಯಂತ್ರ ಅದೇ, ಮಣ್ಣು ಅದೇ. ವ್ಯತ್ಯಾಸಕ್ಕೆ ಕಾರಣವೆಂದರೆ ಬೋರ್‌ವೆಲ್ ಪಂಪು, ಅಂಗಳದ ದೀಪ, ಕಚೇರಿ, ಖಾಲಿ ಓಡುವ ಮೋಟಾರು ಇವೆಲ್ಲ ಇಟ್ಟಿಗೆ ಕಡಿಮೆಯಾದರೂ ತಮ್ಮ ಪಾಲನ್ನು ಬಿಡುವುದಿಲ್ಲ. ಹೀಗೆ ಬಿಲ್ಲಿನ ಯೂನಿಟ್ಟಿನಲ್ಲಿ ಒಂದು ಸ್ಥಿರ ಭಾಗ, ಒಂದು ಉತ್ಪಾದನೆಯೊಡನೆ ಏರಿಳಿಯುವ ಭಾಗ ಬೆರೆತಿವೆ. ಅವೆರಡನ್ನೂ ಬೇರ್ಪಡಿಸಲು ಕನಿಷ್ಠ ವರ್ಗ ವಿಧಾನವನ್ನು ಬಳಸುತ್ತಾರೆ. ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಧೂಮಕೇತುಗಳ ಪಥ ಕಂಡುಹಿಡಿಯುವ ಗ್ರಂಥದಲ್ಲಿ ಪ್ರಕಟಿಸಿದ ವಿಧಾನವಿದು. ಇಟ್ಟಿಗೆಗೂ ಅದೇ ಸಾಕು.

ಎಂಟು ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ಅವು ಏರುವ ಒಂದು ನೇರ ರೇಖೆಯ ಆಜುಬಾಜಿನಲ್ಲಿ ನಿಲ್ಲುತ್ತವೆ. ಪ್ರತಿ ಬಿಂದುವು ರೇಖೆಯಿಂದ ಎಷ್ಟು ಮೇಲಕ್ಕೆ ಅಥವಾ ಕೆಳಕ್ಕೆ ಇದೆಯೋ ಆ ಅಂತರದ ವರ್ಗಗಳ ಮೊತ್ತ ಯಾವ ರೇಖೆಗೆ ಅತಿ ಕಡಿಮೆಯೋ ಅದೇ ನಮಗೆ ಬೇಕಾದ ರೇಖೆ. ಲೆಕ್ಕ ಕಷ್ಟವಲ್ಲ. ಇಟ್ಟಿಗೆಯ ಸರಾಸರಿ 100, ಯೂನಿಟ್ಟಿನ ಸರಾಸರಿ 4,700. ಪ್ರತಿ ತಿಂಗಳ ಅಂಕಿ ಸರಾಸರಿಯಿಂದ ಎಷ್ಟು ದೂರ ಎಂಬುದನ್ನು ಬರೆದುಕೊಳ್ಳಬೇಕು: ಮಾರ್ಚ್‌ಗೆ +40 ಮತ್ತು +1,320, ಆಗಸ್ಟ್‌ಗೆ −40 ಮತ್ತು −1,240, ಹೀಗೆ. ಪ್ರತಿ ಸಾಲಿನ ಎರಡು ದೂರಗಳನ್ನು ಗುಣಿಸಿ ಕೂಡಿದರೆ 1,66,400. ಇಟ್ಟಿಗೆಯ ದೂರಗಳ ವರ್ಗಗಳನ್ನು ಕೂಡಿದರೆ 5,200. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 32. ಇದೇ ರೇಖೆಯ ಇಳಿಜಾರು. ಸ್ಥಿರ ಭಾಗವು 4,700 − 32 × 100 = 1,500 ಯೂನಿಟ್. ಕಂಪ್ಯೂಟರಿನಲ್ಲಾದರೆ, ಇಟ್ಟಿಗೆ B ಕಾಲಂನಲ್ಲೂ ಯೂನಿಟ್ C ಕಾಲಂನಲ್ಲೂ ಇದ್ದಾಗ, ಎರಡು ಸೂತ್ರಗಳಲ್ಲಿ ಕೆಲಸ ಮುಗಿಯುತ್ತದೆ:

```
=SLOPE(C2:C9,B2:B9)
=INTERCEPT(C2:C9,B2:B9)
```

ಇಲ್ಲಿ ಯೂನಿಟ್ಟಿನ ಕಾಲಂ ಮೊದಲು ಬರಬೇಕು. ಅದಲುಬದಲಾದರೆ ಇಳಿಜಾರು 32ರ ಬದಲು 0.031 ಎಂದು ಬರುತ್ತದೆ. ಅದನ್ನು ಕಂಡೊಡನೆ ತಪ್ಪು ಗೊತ್ತಾಗುತ್ತದೆ. ಕೊನೆಯ ಒಟ್ಟು ಸಾಲನ್ನು ಸೂತ್ರದೊಳಗೆ ಸೇರಿಸಲೂಬಾರದು.

ಫೋಟೋ ನೋಡಿ ಅಂಕಿ ಎತ್ತಿಕೊಳ್ಳುವಾಗ ಆಗುವ ತಪ್ಪುಗಳಿಗೆ ಹೆಚ್ಚು ಗಮನ ಬೇಕು. ಕೈಬರಹದ 6 ಮಸುಕಾಗಿ 0 ಆಗಿ ಕಾಣುವುದು ಸಾಮಾನ್ಯ. ಜುಲೈನ 3,680 ಅನ್ನು 3,080 ಎಂದು ಓದಿದೆವೆಂದು ಇಟ್ಟುಕೊಳ್ಳಿ. ಇಳಿಜಾರು 32ರಿಂದ ಸುಮಾರು 35.5ಕ್ಕೆ ಏರುತ್ತದೆ, ಸ್ಥಿರ ಭಾಗ 1,500ರಿಂದ ಸುಮಾರು 1,080ಕ್ಕೆ ಕುಸಿಯುತ್ತದೆ. ಅದೇ ತಪ್ಪನ್ನು ಜನವರಿ ಸಾಲಿನಲ್ಲಿ ಮಾಡಿ 4,640 ಅನ್ನು 4,040 ಎಂದು ಓದಿದ್ದರೆ? ಇಳಿಜಾರು ಕಿಂಚಿತ್ತೂ ಅಲುಗದೆ 32ರಲ್ಲೇ ನಿಲ್ಲುತ್ತದೆ, ಸ್ಥಿರ ಭಾಗ ಮಾತ್ರ 75 ಯೂನಿಟ್ ಇಳಿಯುತ್ತದೆ. ಜನವರಿಯ ಉತ್ಪಾದನೆ ಸರಿಯಾಗಿ ಸರಾಸರಿಯ ಮೇಲೆಯೇ ಇರುವುದು ಇದಕ್ಕೆ ಕಾರಣ. ತಕ್ಕಡಿಯ ದಂಡದಂತೆ, ನಡುವಿನಲ್ಲಿ ಒತ್ತಿದರೆ ದಂಡ ವಾಲುವುದಿಲ್ಲ, ತುದಿಯಲ್ಲಿ ಒತ್ತಿದರೆ ವಾಲುತ್ತದೆ. ಆದುದರಿಂದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉತ್ಪಾದನೆಯ ತಿಂಗಳುಗಳನ್ನು ಫೋಟೋ ಹಿಗ್ಗಿಸಿ ಎರಡು ಸಲ ಓದಬೇಕು.

ಇಂಥ ತಪ್ಪನ್ನು ಹಿಡಿಯಲು ಮೊದಲ ಸಾಧನ ರಿಜಿಸ್ಟರಿನ ಅಡಿಯಲ್ಲಿರುವ ಒಟ್ಟು. ನಾವು ಎತ್ತಿಕೊಂಡ ಕಾಲಂನ ಮೊತ್ತ 37,000 ಬಂದು ಪುಟದಲ್ಲಿ 37,600 ಇದ್ದರೆ, 600ರ ವ್ಯತ್ಯಾಸವೇ ನೂರರ ಸ್ಥಾನದಲ್ಲಿ 6 ಕಳೆದುಹೋಗಿದೆ ಎಂದು ಹೇಳುತ್ತದೆ. ವ್ಯತ್ಯಾಸವು 9ರಿಂದ ಭಾಗವಾದರೆ, ಹಳೆಯ ಗುಮಾಸ್ತರು ಬಲ್ಲಂತೆ, ಎರಡು ಅಂಕೆಗಳು ಹಿಂದುಮುಂದಾಗಿವೆಯೇ ಎಂದು ನೋಡಬೇಕು. ಹಾಗಾಗಿ ಫೋಟೋ ತೆಗೆಯುವಾಗ ಪುಟದ ಅಡಿಯ ಮೊತ್ತವನ್ನು ಬಿಡದೆ ಸೇರಿಸುವಂತೆ ಗುಮಾಸ್ತರಿಗೆ ತಿಳಿಸಿರುವುದು ಒಳ್ಳೆಯದು.

ಆದರೆ ಒಟ್ಟು ಹಿಡಿಯಲಾರದ ತಪ್ಪೊಂದಿದೆ. ಓರೆಯಾಗಿ ತೆಗೆದ ಫೋಟೋದಲ್ಲಿ ಕಣ್ಣು ಒಂದು ಸಾಲು ಜಾರುತ್ತದೆ. ಮಾರ್ಚ್‌ನ ಯೂನಿಟ್ ಏಪ್ರಿಲ್‌ಗೂ ಏಪ್ರಿಲ್‌ನದು ಮಾರ್ಚ್‌ಗೂ ಸೇರುತ್ತದೆ. ಮೊತ್ತ ಆಗಲೂ 37,600ವೇ, ಆದರೆ ಇಳಿಜಾರು ಸುಮಾರು 26.6ಕ್ಕೆ ಇಳಿದಿರುತ್ತದೆ. ಇದನ್ನು ಕಾಣಬೇಕಾದರೆ ಪ್ರತಿ ತಿಂಗಳಿಗೆ ರೇಖೆ ಹೇಳುವ ಯೂನಿಟ್ಟನ್ನು ಲೆಕ್ಕಹಾಕಿ, ನಿಜವಾದ ಯೂನಿಟ್ಟಿನಿಂದ ಕಳೆಯಬೇಕು. ಸರಿಯಾದ ಪಟ್ಟಿಯಲ್ಲಿ ಈ ಉಳಿಕೆ ಯಾವ ತಿಂಗಳಿನಲ್ಲೂ 70 ಯೂನಿಟ್ ಮೀರುವುದಿಲ್ಲ. ಸಾಲು ಜಾರಿದ ಪಟ್ಟಿಯಲ್ಲಿ ಮಾರ್ಚ್‌ಗೆ ಸುಮಾರು −675, ಏಪ್ರಿಲ್‌ಗೆ ಸುಮಾರು +1,050 ಬರುತ್ತದೆ. ಒಂದರ ಕೆಳಗೊಂದಿರುವ ಎರಡು ಸಾಲುಗಳಲ್ಲಿ ಹೀಗೆ ವಿರುದ್ಧ ಚಿಹ್ನೆಯ ದೊಡ್ಡ ಉಳಿಕೆ ಕಂಡರೆ ಮೊದಲು ಫೋಟೋವನ್ನೇ ಮತ್ತೆ ನೋಡಬೇಕು. ಉಳಿಕೆ ದೊಡ್ಡದೆಂಬ ಕಾರಣಕ್ಕೆ ಸಾಲನ್ನೇ ಅಳಿಸಿಬಿಡುವುದು ಮಾತ್ರ ಸಲ್ಲದು. ಪುಟದಲ್ಲಿ ಹಾಗೆಯೇ ಇದ್ದರೆ ಆ ತಿಂಗಳು ಕಾರ್ಖಾನೆಯಲ್ಲಿ ಏನೋ ನಡೆದಿರುತ್ತದೆ.

ಫೋಟೋ ಸ್ಪಷ್ಟವಾಗಿದ್ದರೂ ಜೋಡಿಯೇ ತಪ್ಪಾಗಿರಬಹುದು. ವಿದ್ಯುತ್ ಹೆಚ್ಚಾಗಿ ಖರ್ಚಾಗುವುದು ಮಣ್ಣು ಕಲಸಿ ಅಚ್ಚಿನಿಂದ ಹೊರತಳ್ಳುವಾಗ. ಆ ಇಟ್ಟಿಗೆ ಒಣಗಿ, ಸುಟ್ಟು, ಗೂಡಿನಿಂದ ಹೊರಬರುವ ವೇಳೆಗೆ ವಾರಗಳು ಕಳೆದಿರುತ್ತವೆ. ಗೂಡಿನಿಂದ ತೆಗೆದ ಅಥವಾ ಮಾರಾಟವಾದ ಇಟ್ಟಿಗೆಯನ್ನು ಅದೇ ತಿಂಗಳ ಯೂನಿಟ್ಟಿಗೆ ಜೋಡಿಸಿದರೆ ಇಳಿಜಾರು ಸಾಮಾನ್ಯವಾಗಿ ನಿಜಕ್ಕಿಂತ ಚಪ್ಪಟೆಯಾಗುತ್ತದೆ, ಸ್ಥಿರ ಭಾಗ ಸುಳ್ಳಾಗಿ ಉಬ್ಬುತ್ತದೆ. ಹಸಿ ಇಟ್ಟಿಗೆಯ ಎಣಿಕೆಯನ್ನೇ ಬಳಸಬೇಕು, ಅದೂ ಮೀಟರ್ ಓದಿದ ದಿನಾಂಕದಿಂದ ಮುಂದಿನ ಓದಿನ ದಿನಾಂಕದವರೆಗೆ. ಬಿಲ್ಲಿನ ರೂಪಾಯಿಯನ್ನಲ್ಲದೆ ಯೂನಿಟ್ಟನ್ನು ತೆಗೆದುಕೊಳ್ಳುವುದಕ್ಕೂ ಕಾರಣವಿದೆ: ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರ ಬದಲಿಸಿದಾಗ ರೂಪಾಯಿಯ ರೇಖೆ ಮುರಿಯುತ್ತದೆ, ಯೂನಿಟ್ಟಿನ ರೇಖೆ ಮುರಿಯುವುದಿಲ್ಲ.

ಈಗ ಮುಳಬಾಗಿಲಿನ ಬೇಡಿಕೆಗೆ ಬರೋಣ. ಇಳಿಜಾರು 32 ಎಂದರೆ ಈಗಿರುವುದಕ್ಕಿಂತ ಒಂದು ಸಾವಿರ ಇಟ್ಟಿಗೆ ಹೆಚ್ಚು ಮಾಡಿದರೆ ಸುಮಾರು 32 ಯೂನಿಟ್ ಹೆಚ್ಚು ಬೇಕು ಎಂದರ್ಥ. ಲೆಕ್ಕಕ್ಕಾಗಿ ಯೂನಿಟ್ಟಿಗೆ 7 ರೂ. ಹಿಡಿದರೆ 20 ಸಾವಿರಕ್ಕೆ 640 ಯೂನಿಟ್, 4,480 ರೂ. ಸರಾಸರಿಯಿಂದ ಹೊರಟವರು 940 ಯೂನಿಟ್, 6,580 ರೂ. ಎಂದು ಬರೆದಿರುತ್ತಾರೆ. ಸಾವಿರಕ್ಕೆ 105 ರೂ. ವ್ಯತ್ಯಾಸ. ಸೌದೆ, ಡೀಸೆಲ್ಲುಗಳಲ್ಲೂ ಇದೇ ಬಗೆಯ ಸ್ಥಿರ ಭಾಗ ಅಡಗಿದ್ದರೆ, ಎಲ್ಲವೂ ಸೇರಿ ಆರ್ಡರು ಪಕ್ಕದ ಕಾರ್ಖಾನೆಯ ಪಾಲಾಗಬಹುದು. ಹಾಗೆಂದು ಎಲ್ಲ ಗ್ರಾಹಕರಿಗೂ ಇಳಿಜಾರಿನ ದರವನ್ನೇ ಹೇಳುವಂತಿಲ್ಲ. ತಿಂಗಳಿಗೆ 1,500ರಂತೆ ಎಂಟು ತಿಂಗಳಲ್ಲಿ 12,000 ಯೂನಿಟ್, ಅಂದರೆ ಒಟ್ಟು ಬಳಕೆಯ ಮೂರನೇ ಒಂದು ಭಾಗದ ಸಮೀಪ, ಸ್ಥಿರವಾಗಿ ಹೋಗಿದೆ. ಅದನ್ನು ಯಾರಾದರೂ ತೆರಲೇಬೇಕು. ಇಳಿಜಾರು ತೋರಿಸುವುದು ಹೆಚ್ಚುವರಿ ಆರ್ಡರಿಗೆ ಇದಕ್ಕಿಂತ ಕೆಳಗೆ ಇಳಿಯಬಾರದೆಂಬ ಗೆರೆಯನ್ನು ಮಾತ್ರ.

ಈ 32 ಕೂಡ ಕಲ್ಲಿನಲ್ಲಿ ಕೆತ್ತಿದ ಅಂಕಿಯಲ್ಲ. ಎಂಟೇ ತಿಂಗಳ ಈ ಪಟ್ಟಿಯಿಂದ ನಿಜವಾದ ಇಳಿಜಾರು 30ರಿಂದ 34ರ ನಡುವೆ ಇರಬಹುದೆಂದು, ನೂರಕ್ಕೆ 95ರ ಭರವಸೆಯ ಮಟ್ಟದಲ್ಲಿ, ಹೇಳಬಹುದು. ರೇಖೆಯು 60ರಿಂದ 140 ಸಾವಿರದವರೆಗಿನ ಉತ್ಪಾದನೆಯನ್ನು ಮಾತ್ರ ಕಂಡಿದೆ. ಮಾರ್ಚ್‌ನಂಥ ತಿಂಗಳಲ್ಲಿ ಈ ಆರ್ಡರು ಬಂದು 160 ಸಾವಿರಕ್ಕೆ ಹೋಗಬೇಕಾದರೆ, ಮಂಜೂರಾದ ವಿದ್ಯುತ್ ಹೊರೆ ಮೀರಿ ದಂಡ ಬೀಳುವುದೇ ಎಂಬುದನ್ನು ಈ ರೇಖೆ ಹೇಳಲಾರದು. ಕಾರ್ಖಾನೆ ಪೂರ್ತಿ ಮುಚ್ಚಿದ ತಿಂಗಳು 1,500 ಯೂನಿಟ್ ಬರುತ್ತದೆಂದೂ ಭಾವಿಸಬಾರದು. ಖಾಲಿ ಓಡುವ ಮೋಟಾರೂ ಆಗ ನಿಂತಿರುತ್ತದೆ.

ಶ್ರೀನಿವಾಸಪುರದ ಕಡೆ ಮಾವಿನ ತಿರುಳು ತೆಗೆಯುವ ಘಟಕವಾದರೆ ಬೇರೆ ತೊಡಕು. ಹಂಗಾಮಿನ ತಿಂಗಳುಗಳ ಬಿಂದುಗಳು ಒಂದು ಗುಂಪಾಗಿ ಮೇಲೆ, ಉಳಿದವು ಸೊನ್ನೆಯ ಬಳಿ ಇನ್ನೊಂದು ಗುಂಪಾಗಿ ಬೀಳುತ್ತವೆ. ಎರಡು ಗುಂಪುಗಳ ನಡುವೆ ಎಳೆದ ರೇಖೆ ಚೆನ್ನಾಗಿ ಕೂತಂತೆ ಕಾಣುತ್ತದೆ, ಆದರೆ ಹಂಗಾಮಿನೊಳಗೆ ಒಂದು ಟನ್ ಹೆಚ್ಚಾದರೆ ಏನಾಗುವುದೆಂಬುದು ಅದರಿಂದ ತಿಳಿಯದು. ಅಲ್ಲಿ ಹಂಗಾಮಿನ ದಿನಗಳ ಪಟ್ಟಿಯನ್ನೇ ಪ್ರತ್ಯೇಕವಾಗಿ ತೆಗೆದುಕೊಳ್ಳಬೇಕು.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಆವಕ ಮತ್ತು ದರದ ಪಟ್ಟಿಯ ಫೋಟೋಗಳೂ ಮೊಬೈಲುಗಳಲ್ಲಿ ಓಡಾಡುತ್ತವೆ. ಅದಕ್ಕೂ ರೇಖೆ ಎಳೆಯಬಹುದು, ಇಳಿಜಾರು ಬಹುಶಃ ಕೆಳಮುಖವಾಗಿಯೇ ಬಂದೀತು. ಆದರೆ ಅದು ಇಟ್ಟಿಗೆಯ ಇಳಿಜಾರಿನಂಥದ್ದಲ್ಲ. ಯಂತ್ರಕ್ಕೆ ಮಣ್ಣು ಹಾಕುವುದು ನಮ್ಮ ಕೈಯಲ್ಲಿದೆ. ಮಂಡಿಯಲ್ಲಿ ಆವಕವೂ ದರವೂ ಎರಡೂ ಹೊರಗಿನ ಮಳೆ, ರೋಗ, ದೂರದ ಪೇಟೆಗಳ ಬೇಡಿಕೆಗೆ ಒಟ್ಟಿಗೇ ಕುಣಿಯುತ್ತವೆ. 2023ರ ಜುಲೈನಲ್ಲಿ 15 ಕೆ.ಜಿ. ಪೆಟ್ಟಿಗೆಯ ದರ ಎರಡು ಸಾವಿರ ರೂಪಾಯಿ ದಾಟಿದ ದಿನಗಳನ್ನು ಪಟ್ಟಿಗೆ ಸೇರಿಸಿದರೆ ರೇಖೆ ಒಂದು ಬಗೆ, ಬಿಟ್ಟರೆ ಇನ್ನೊಂದು ಬಗೆ. ಆ ಇಳಿಜಾರನ್ನು ನಂಬಿ ನಾಳಿನ ದರಕ್ಕೆ ಮುಂಗಡ ಕೊಡಲಾಗದು.

ಇಟ್ಟಿಗೆಯ ರೇಖೆಯನ್ನು ಮುಂದಿನ ವರ್ಷದ ಎಂಟು ತಿಂಗಳಿಗೂ ಎಳೆದು ಪಕ್ಕದಲ್ಲಿಟ್ಟರೆ ಇನ್ನೊಂದು ಉಪಯೋಗವಿದೆ. ಸ್ಥಿರ ಭಾಗ ಏರಿ ಇಳಿಜಾರು ಹಾಗೆಯೇ ಇದ್ದರೆ ಪಂಪು, ದೀಪ, ಖಾಲಿ ಓಟಗಳ ಕಡೆ ನೋಡಬೇಕು. ಇಳಿಜಾರು 32ರಿಂದ 37ಕ್ಕೆ ಏರಿದ್ದರೆ ಮಣ್ಣು ತಳ್ಳುವ ಸ್ಕ್ರೂ ಸವೆದಿರಬಹುದು, ಅಥವಾ ಮಣ್ಣನ್ನು ಮೊದಲಿಗಿಂತ ಗಟ್ಟಿಯಾಗಿ ಕಲಸುತ್ತಿರಬಹುದು. ಯಂತ್ರ ಬಿಚ್ಚುವ ಮುನ್ನ ಮಣ್ಣಿಗೆ ಹಾಕುವ ನೀರಿನ ಅಳತೆಯನ್ನು ವಿಚಾರಿಸುವುದು ಅಗ್ಗ.