ಒಂದೇ ಗುಂಡಿಗೆ ಇಬ್ಬರು ಯಜಮಾನರು

1994ರಲ್ಲಿ ಸೂಪರ್ ನಿಂಟೆಂಡೊಗೆ ಬಂದ 'ಸೂಪರ್ ಮೆಟ್ರಾಯ್ಡ್' ಆಟವನ್ನು ಇವತ್ತು ಕಂಪ್ಯೂಟರಿನಲ್ಲಿ ರೆಟ್ರೊಆರ್ಚ್ ಎಂಬ ಎಮ್ಯುಲೇಟರ್ ಮೂಲಕ ಆಡುವವರಿದ್ದಾರೆ. ಹಳೆಯ ಯಂತ್ರದಲ್ಲಿ ಇಲ್ಲದ ಮೂರು ಅನುಕೂಲಗಳು ಇಲ್ಲಿ ಸಿಗುತ್ತವೆ. ಆಟವನ್ನು ಬೇಕಾದ ಕ್ಷಣದಲ್ಲಿ ಹಾಗೇ ಉಳಿಸಿಡಬಹುದು, ಇದು ಸೇವ್ ಸ್ಟೇಟ್. ಬೇಸರದ ಭಾಗವನ್ನು ವೇಗವಾಗಿ ಓಡಿಸಬಹುದು. ಪರದೆಯ ಚಿತ್ರ ತೆಗೆಯಬಹುದು. ಇವುಗಳಿಗೆ ಮೀಸಲಾದ ಗುಂಡಿಗಳೇ ಹಾಟ್‌ಕೀಗಳು.

ಕೀಬೋರ್ಡಿನಲ್ಲಿ ತೊಂದರೆ ಕಡಿಮೆ. ರೆಟ್ರೊಆರ್ಚ್ ತಾನಾಗಿಯೇ F2ಗೆ ಉಳಿಸುವುದನ್ನೂ F4ಗೆ ಮರಳಿ ತರುವುದನ್ನೂ F8ಕ್ಕೆ ಚಿತ್ರವನ್ನೂ ಸ್ಪೇಸ್ ಬಾರ್‌ಗೆ ವೇಗವನ್ನೂ ಕೊಟ್ಟಿರುತ್ತದೆ. ಆಟದ ಗುಂಡಿಗಳು Z, X, A, S, Q, W ಮತ್ತು ಬಾಣದ ಕೀಗಳಲ್ಲಿ ಇರುವುದರಿಂದ ಜಗಳವಿಲ್ಲ. ಜಗಳ ಶುರುವಾಗುವುದು ನಾವು ಕೀಗಳನ್ನು ಬದಲಿಸಿದಾಗ. ಗುಂಡು ಹಾರಿಸಲು P ಇಟ್ಟುಕೊಂಡರೆ ಪ್ರತಿ ಗುಂಡಿಗೂ ಆಟ ನಿಲ್ಲುತ್ತದೆ, ಏಕೆಂದರೆ P ಮೊದಲೇ ವಿರಾಮದ ಕೀ. ಇನ್ನು ಕೆಲವು ಲ್ಯಾಪ್‌ಟಾಪ್‌ಗಳಲ್ಲಿ F2 ಒತ್ತಿದರೆ ಪರದೆಯ ಬೆಳಕೋ ಧ್ವನಿಯೋ ಬದಲಾಗುತ್ತದೆ, ಅಲ್ಲಿ Fn ಕೀಯನ್ನೂ ಜೊತೆಗೆ ಹಿಡಿಯಬೇಕು.

ಕೈಯಲ್ಲಿ ಹಿಡಿದಾಡುವ ಕಂಟ್ರೋಲರ್‌ನಲ್ಲಿ ಮಾತ್ರ ಜಾಗದ ಕೊರತೆ. ಬಲ ಭುಜದ R ಗುಂಡಿಗೆ ನೇರವಾಗಿ 'ಉಳಿಸು' ಎಂದು ಕೊಟ್ಟರೆ, ಸೂಪರ್ ಮೆಟ್ರಾಯ್ಡ್‌ನಲ್ಲಿ ಮೇಲಕ್ಕೆ ಗುರಿಯಿಟ್ಟಾಗಲೆಲ್ಲ ಆಟ ಉಳಿಯುತ್ತದೆ, ಹಿಂದೆ ಉಳಿಸಿದ್ದು ಅಳಿಯುತ್ತದೆ. ಪರದೆಯ ಮೂಲೆಯಲ್ಲಿ ಸೇವ್ ಆದ ಸೂಚನೆ ಕೇಳದೇ ಬರುತ್ತಿದ್ದರೆ ಆಗಿರುವುದು ಇದೇ.

ಇದಕ್ಕೆ ಉಪಾಯ `Hotkey Enable`. ಒಂದು ಗುಂಡಿಯನ್ನು ಇದಕ್ಕೆ ಗೊತ್ತುಮಾಡಿದರೆ, ಅದನ್ನು ಒತ್ತಿ ಹಿಡಿದಾಗ ಮಾತ್ರ ಉಳಿದ ಹಾಟ್‌ಕೀಗಳು ಕೆಲಸ ಮಾಡುತ್ತವೆ. ಆ ಹೊತ್ತಿನಲ್ಲಿ ಒತ್ತಿದ್ದು ಆಟಕ್ಕೆ ತಲುಪುವುದಿಲ್ಲ. ಬಹಳ ಜನ ಇದಕ್ಕೆ ಸೆಲೆಕ್ಟ್ ಗುಂಡಿಯನ್ನೇ ಆರಿಸುತ್ತಾರೆ. ರಾಸ್ಪ್‌ಬೆರಿ ಪೈ ಬಳಸುವವರ ರೆಟ್ರೊಪೈನಲ್ಲಿ ಮೊದಲಿನಿಂದಲೇ ಹಾಗಿದೆ. ಹೆಚ್ಚಿನ ಆಟಗಳಲ್ಲಿ ಸೆಲೆಕ್ಟ್‌ಗೆ ಅಂಥ ಕೆಲಸವೇನೂ ಇಲ್ಲವಾದ್ದರಿಂದ ಅದು ನಡೆಯುತ್ತದೆ.

ಸೂಪರ್ ಮೆಟ್ರಾಯ್ಡ್‌ನಲ್ಲಿ ನಡೆಯುವುದಿಲ್ಲ. ಇಲ್ಲಿ ಸೆಲೆಕ್ಟ್ ಒತ್ತಿದರೆ ಆಯುಧ ಬದಲಾಗುತ್ತದೆ. ಸೆಲೆಕ್ಟ್ ಒತ್ತಿದೊಡನೆ ರೆಟ್ರೊಆರ್ಚ್ ಆಟದ ಬಾಗಿಲು ಮುಚ್ಚುವುದಿಲ್ಲ, ಮೊದಲೇ ಇರುವ ಹೊಂದಿಕೆಯಂತೆ 5 ಫ್ರೇಮ್ ಕಾಯುತ್ತದೆ, ಅಂದರೆ ಸೆಕೆಂಡಿನ ಹನ್ನೆರಡರಲ್ಲಿ ಒಂದು ಭಾಗ. ಸೆಲೆಕ್ಟ್ ಗುಂಡಿಯ ಸ್ವಂತ ಕೆಲಸ ಆಟದೊಳಗೂ ನಡೆಯಲಿ ಎಂದೇ ಈ ಬಿಡುವು. ಪರಿಣಾಮವಾಗಿ ಉಳಿಸಲು ಹೋದಾಗಲೆಲ್ಲ ಆಯುಧವೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬಾಗಿಲು ತೆರೆಯಲು ಇಟ್ಟುಕೊಂಡ ಕ್ಷಿಪಣಿಯ ಬದಲು ಬೇರೇನೋ ಕೈಗೆ ಬಂದಿರುತ್ತದೆ.

ಸೂಪರ್ ನಿಂಟೆಂಡೊ ಕಂಟ್ರೋಲರ್‌ನಲ್ಲಿ ಇದ್ದದ್ದು ನಾಲ್ಕು ದಿಕ್ಕು ಮತ್ತು ಎಂಟು ಗುಂಡಿ. ಇಂದಿನ ಕಂಟ್ರೋಲರ್‌ಗಳಲ್ಲಿ ಕಡ್ಡಿಯನ್ನು ಒಳಕ್ಕೆ ಒತ್ತಿದಾಗ ಬರುವ L3, R3 ಇವೆ. ಈ ಆಟ ಅವನ್ನು ಮುಟ್ಟುವುದೇ ಇಲ್ಲ. `Settings`, `Input`, `Hotkeys` ಹಾದಿಯಲ್ಲಿ ಹೋಗಿ `Hotkey Enable`ಗೆ L3 ಕೊಡಿ. ಅದರ ಜೊತೆ R ಉಳಿಸಲು, ಸ್ಟಾರ್ಟ್ ಮರಳಿ ತರಲು, A ವೇಗಕ್ಕೆ, Y ಚಿತ್ರಕ್ಕೆ. ಉಳಿಸುವುದನ್ನೂ ಮರಳಿ ತರುವುದನ್ನೂ L, R ಎಂದು ಜೋಡಿಯಾಗಿ ಇಡುವ ರೂಢಿ ನನಗೆ ಹಿಡಿಸುವುದಿಲ್ಲ. ಅವಸರದಲ್ಲಿ ಎಡಬಲ ತಪ್ಪಿದರೆ, ಸಾಯುವ ಕ್ಷಣವನ್ನೇ ಉಳಿಸಿಕೊಂಡಿರುತ್ತೇವೆ. ಹಾಗಾದಾಗ ಸೇವ್ ಸ್ಟೇಟ್ ಮೆನುವಿನಲ್ಲಿ ಕೊನೆಯ ಸೇವನ್ನು ರದ್ದುಮಾಡುವ ಆಯ್ಕೆ ಇದೆ, ಆದರೆ ಅದು ಒಂದು ಹೆಜ್ಜೆ ಮಾತ್ರ ಹಿಂದಕ್ಕೆ ಹೋಗುತ್ತದೆ.

ವೇಗದ ವಿಷಯದಲ್ಲಿ ಒಂದು ಸೂಕ್ಷ್ಮ. ರೆಟ್ರೊಆರ್ಚ್‌ನಲ್ಲಿ ಎರಡು ಬಗೆ ಇವೆ: ಒತ್ತಿ ಹಿಡಿದಷ್ಟು ಹೊತ್ತು ಓಡುವುದು ಮತ್ತು ಒಮ್ಮೆ ಒತ್ತಿದರೆ ಓಡಿ ಇನ್ನೊಮ್ಮೆ ಒತ್ತಿದರೆ ನಿಲ್ಲುವುದು. ಕಂಟ್ರೋಲರ್‌ಗೆ ಎರಡನೆಯದೇ ಸರಿ, ಮೆನುವಿನಲ್ಲಿ ಅದರ ಹೆಸರು `Fast-Forward (Toggle)`. ಹಿಡಿದಿರುವ ಬಗೆಯಲ್ಲಿ L3 ಕೂಡ ಕೆಳಗೇ ಇರಬೇಕು, ಅಷ್ಟು ಹೊತ್ತೂ ಆಟಕ್ಕೆ ಗುಂಡಿ ತಲುಪುವುದಿಲ್ಲ. ಮಾತುಕತೆಯನ್ನು ಬೇಗ ದಾಟಿಸಲು ವೇಗ ಹಚ್ಚಿದವರಿಗೆ ಮುಂದಿನ ಸಾಲಿಗೆ ಹೋಗುವ ಗುಂಡಿಯೇ ಸಿಗದಂತಾಗುತ್ತದೆ.

L3ಗೂ ಮಿತಿ ಇದೆ. ಪ್ಲೇಸ್ಟೇಷನ್‌ನ ಕೆಲವು ಆಟಗಳು ಕಡ್ಡಿಯ ಒತ್ತುವಿಕೆಯನ್ನೂ ಬಳಸುತ್ತವೆ. ಮಧ್ಯದ ಲೋಗೋ ಗುಂಡಿಯನ್ನು ಇಟ್ಟುಕೊಳ್ಳೋಣವೆಂದರೆ, ವಿಂಡೋಸ್‌ನಲ್ಲಿ ಎಕ್ಸ್‌ಬಾಕ್ಸ್ ಕಂಟ್ರೋಲರ್‌ನ ಆ ಗುಂಡಿ ಗೇಮ್ ಬಾರ್ ತೆರೆಯುತ್ತದೆ; ಮೊದಲು ಅದನ್ನು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬೇಕು. ಡಾಸ್ ಅಥವಾ ಕಮೋಡೋರ್ 64 ಆಟಗಳಿಗಂತೂ ಇಡೀ ಕೀಬೋರ್ಡೇ ಬೇಕು. ಅಲ್ಲಿ ಸ್ಕ್ರೋಲ್ ಲಾಕ್ ಒತ್ತಿದರೆ 'ಗೇಮ್ ಫೋಕಸ್' ಆಗಿ ಕೀಗಳೆಲ್ಲ ಆಟಕ್ಕೆ ಹೋಗುತ್ತವೆ, ಹಾಟ್‌ಕೀಗಳು ನಿದ್ದೆ ಮಾಡುತ್ತವೆ. ಇನ್ನೊಮ್ಮೆ ಒತ್ತಿದರೆ ಅವು ಮರಳುತ್ತವೆ. ಆ ಕೀ ಇಲ್ಲದ ಲ್ಯಾಪ್‌ಟಾಪ್ ಆದರೆ ಇದನ್ನೂ ಅದೇ `Hotkeys` ಪಟ್ಟಿಯಲ್ಲಿ ಬೇರೆ ಕೀಗೆ ವರ್ಗಾಯಿಸಬಹುದು.